ಫಾರಂ ಆಮೇಲೆ ತೆರೆಯಿರಿ

ಸರ್ಕಾರಿ ಹುದ್ದೆಯ ಅಧಿಸೂಚನೆಯ ಪಿಡಿಎಫ್ ಬಂದ ತಕ್ಷಣ ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತದೆ? ಹುದ್ದೆಗಳ ಸಂಖ್ಯೆಗೆ, ಆಮೇಲೆ ಸಂಬಳಕ್ಕೆ. ಮೊದಲು ಹುಡುಕಬೇಕಾದದ್ದು ಅರ್ಜಿಯ ಕೊನೆಯ ದಿನಾಂಕ. ಅದನ್ನು ಹಾಳೆಯ ತಲೆಗೆ ದೊಡ್ಡದಾಗಿ ಬರೆದುಕೊಳ್ಳಿ. ಉಳಿದದ್ದನ್ನೆಲ್ಲ ಅಳೆಯುವುದು ಅದರಿಂದಲೇ.

ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ, 2ಎ ವರ್ಗದ ಹುಡುಗಿಯೊಬ್ಬಳು ಕೆಪಿಎಸ್‌ಸಿ ಹುದ್ದೆಗೆ ಅರ್ಜಿ ಹಾಕುತ್ತಾಳೆ ಅಂದುಕೊಳ್ಳೋಣ. ನಾಡಕಚೇರಿಯಿಂದ ತಂದ ಕಾಗದ ಮನೆಯಲ್ಲಿದೆ. ಕೈಗೆತ್ತಿಕೊಂಡು ನೋಡಿದರೆ ಅದು ಬರೀ ಆದಾಯ ಪ್ರಮಾಣಪತ್ರ! ಅಧಿಸೂಚನೆ 2ಎ ವರ್ಗದವರಿಂದ ಕೇಳುವುದು ನಮೂನೆ-ಎಫ್‌ನಲ್ಲಿರುವ ಜಾತಿ ಮತ್ತು ಆದಾಯ ಪತ್ರ. ಪರಿಶಿಷ್ಟರಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ. ಅವಳ ಬಳಿ ನಮೂನೆ-ಎಫ್ ಇದ್ದರೂ ತಾರೀಖು ನೋಡಬೇಕು. ಆ ಪತ್ರಕ್ಕೆ ಐದು ವರ್ಷ ಆಯಸ್ಸು. ಕೊನೆಯ ದಿನಕ್ಕೆ ಅದು ಜೀವಂತವಾಗಿರಬೇಕು. ದಾಖಲೆ ಪರಿಶೀಲನೆ ಹೊತ್ತಿಗೆ ಹೊಸದು ಮಾಡಿಸಿದರಾಯ್ತು ಅನ್ನುವವರು ಬಹಳ. ಪತ್ರದ ಮೇಲಿನ ತಾರೀಖು ಕೊನೆಯ ದಿನ ದಾಟಿದ್ದರೆ ಮೀಸಲಾತಿ ಕೈತಪ್ಪುತ್ತದೆ. ಆಗ ಸಾಮಾನ್ಯ ಅರ್ಹತೆಯ ವಯೋಮಿತಿಯೂ ಅಡ್ಡ ಬರಬಹುದು.

ಗ್ರಾಮೀಣ ಮೀಸಲಾತಿಗೆ ಬರೋಣ, ಎಡವುವವರು ಹೆಚ್ಚು ಇಲ್ಲೇ. ಹಳ್ಳಿಯಲ್ಲಿ ಮನೆ ಇದ್ದರೆ ಸಾಲದು, ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಹೈಸ್ಕೂಲಿಗೆ ಪೇಟೆಗೆ ಬಂದಿದ್ದರೆ ಅದು ಅಲ್ಲಿಗೇ ಮುಗಿಯಿತು. ಹಾಗೆ ಓದಿದ್ದಕ್ಕೆ ಸಾಕ್ಷಿಯಾದ ನಮೂನೆ-2ಕ್ಕೆ ಮುಖ್ಯೋಪಾಧ್ಯಾಯರ ಸಹಿ ಬೇಕು, ಅದರ ಮೇಲೆ ಬಿಇಒ ಅವರ ಮೇಲುಸಹಿಯೂ ಬೇಕು. ಪ್ರಾಥಮಿಕ ಶಾಲೆ ಒಂದೂರು, ಪ್ರೌಢಶಾಲೆ ಇನ್ನೊಂದೂರು ಆದರೆ ಎರಡೂ ಕಡೆ ಅಲೆಯಬೇಕು. ಹೆಡ್‌ಮಾಸ್ಟರು ತರಬೇತಿಗೆ ಹೋಗಿರುತ್ತಾರೆ, ಬಿಇಒ ಮೀಟಿಂಗಿನಲ್ಲಿರುತ್ತಾರೆ, ಸೀಲು ಬೀರುವಿನಲ್ಲಿ, ಬೀರುವಿನ ಕೀಲಿ ಗುಮಾಸ್ತರ ಮನೆಯಲ್ಲಿ. (ನಗು) ನಗಬೇಡಿ, ಇದಕ್ಕೇ ವಾರ ಹಿಡಿಯುತ್ತದೆ. ಕೊನೆಯ ದಿನ ಕಾಯುವುದಿಲ್ಲ. ಸಾಮಾನ್ಯ ಅರ್ಹತೆಯವರು ಗ್ರಾಮೀಣ ಕೋಟಾ ಕೇಳಿದರೆ ಇದರ ಜೊತೆಗೆ ತಹಶೀಲ್ದಾರರ ನಮೂನೆ-1 ಕೂಡ ಬೇಕು. ಕನ್ನಡ ಮಾಧ್ಯಮದ ಪತ್ರ ಬೇರೆಯೇ.

ಪದವಿಯದ್ದೂ ಇದೇ ಕಥೆ. ಅಂತಿಮ ವರ್ಷದ ಪರೀಕ್ಷೆ ಬರೆದು ಕೂತಿದ್ದೀರಿ, ಫಲಿತಾಂಶ ಕೊನೆಯ ದಿನದ ನಂತರ ಬಂತು. ಅರ್ಹತೆಯನ್ನು ಆ ದಿನಕ್ಕೇ ನೋಡುವ ಅಧಿಸೂಚನೆಯಾದರೆ ನೀವು ಅರ್ಹರಲ್ಲ. ಫಾರಂ ನಿಮ್ಮನ್ನು ತಡೆಯುವುದಿಲ್ಲ, ಶುಲ್ಕವನ್ನೂ ತೆಗೆದುಕೊಳ್ಳುತ್ತದೆ.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಕೇಂದ್ರದ ಹುದ್ದೆಗೆ ನಮೂನೆ-ಎಫ್ ನಡೆಯದು. ಅಲ್ಲಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಪತ್ರವೂ ಅವರ ನಮೂನೆಯಲ್ಲೇ ಇರಬೇಕು. ಶುಲ್ಕ ವರ್ಗದ ಮೇಲೆ ಬದಲಾಗುತ್ತದೆ, ಹಾಗಾಗಿ ವರ್ಗ ಖಚಿತವಾದ ಮೇಲೆಯೇ ಕಟ್ಟಿ. ಖಾತೆಯಿಂದ ಹಣ ಕಡಿತವಾದರೂ ಅರ್ಜಿಯಲ್ಲಿ ಪಾವತಿಯಾಗಿದೆ ಎಂದು ಕಾಣುವವರೆಗೆ ಅರ್ಜಿ ಪೂರ್ಣವಾಗಿಲ್ಲ ಎಂದೇ ತಿಳಿಯಿರಿ. ರಸೀದಿಯ ಮುದ್ರಿತ ಪ್ರತಿ ಇಟ್ಟುಕೊಳ್ಳಿ. ನಮೂನೆ-2 ಯಾರ ಬಳಿ ಇದೆ, ತೋರಿಸಿ, ಸೀಲು ನೋಡೋಣ.