ಬಜೆಟ್ ಭಾಷಣದಲ್ಲಿ ಮಾತೆಷ್ಟು, ಮೊತ್ತವೆಷ್ಟು?

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಬೆಂಗಳೂರಿನ ಬಜೆಟ್ಟನ್ನು ಕುತೂಹಲದಿಂದ ಕೇಳುತ್ತೇವೆ. ಆದರೆ ನಮ್ಮ ಮನೆಯ ಲೆಕ್ಕವನ್ನು ಏರುಪೇರು ಮಾಡುವುದು ಇಲ್ಲಿನ ವಿಧಾನಭವನದಲ್ಲಿ ಮಂಡನೆಯಾಗುವ ಮಹಾರಾಷ್ಟ್ರದ ಬಜೆಟ್. ಆ ಭಾಷಣವನ್ನು ಕೇಳುವಾಗ ಒಂದೇ ಒಂದು ಕೆಲಸ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಯಾವ ಯೋಜನೆಯ ಹೆಸರು ಕಿವಿಗೆ ಬಿದ್ದರೂ, ಅದಕ್ಕೆ ಈ ವರ್ಷ ಎಷ್ಟು ಹಣ ಇಟ್ಟಿದ್ದಾರೆ ಎಂಬುದನ್ನು ಹುಡುಕಿ, ಆ ಮೊತ್ತವನ್ನು ಭಾಗಿಸಿ ನೋಡಿ.

2025ರ ಮಾರ್ಚ್ 10ರಂದು ಅಂದಿನ ಹಣಕಾಸು ಸಚಿವ ಅಜಿತ್ ಪವಾರ್ ಅವರು ಮಂಡಿಸಿದ ಬಜೆಟ್ಟನ್ನೇ ತೆಗೆದುಕೊಳ್ಳೋಣ. ಹೊಸ ಕೈಗಾರಿಕಾ ನೀತಿಯಿಂದ ಐದು ವರ್ಷಗಳಲ್ಲಿ 40 ಲಕ್ಷ ಕೋಟಿ ರೂಪಾಯಿ ಹೂಡಿಕೆ ಬರಬೇಕೆಂಬ ಗುರಿ ಆ ಭಾಷಣದಲ್ಲಿತ್ತು. ಆ ವರ್ಷ ಸರಕಾರದ ಒಟ್ಟು ಖರ್ಚಿನ ಅಂದಾಜು ಸುಮಾರು 7 ಲಕ್ಷ ಕೋಟಿ. ಅಂದ ಮೇಲೆ ಆ 40 ಲಕ್ಷ ಕೋಟಿ ಬೊಕ್ಕಸದ ಹಣವಲ್ಲ, ಖಾಸಗಿಯವರು ತರಲಿ ಎಂಬ ನಿರೀಕ್ಷೆ. ಅದು ಮಾತು. ಮೊತ್ತ ಬೇರೆ.

ಆ ಬಜೆಟ್ ಆದ ವಾರವೇ, ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಮೂರು ಮನೆಗಳ ಅಡುಗೆ ಮಾಡುವ, ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದು ಇಲ್ಲಿಯವರೇ ಆಗಿಹೋದ ಅಕ್ಕ ಒಬ್ಬರು ನನ್ನನ್ನು ಮೆಟ್ಟಿಲಲ್ಲೇ ನಿಲ್ಲಿಸಿದರು. "ಸರ, ಲಾಡ್ಕಿ ಬಹೀಣಕ್ಕ ಮೂವತ್ತಾರು ಸಾವಿರ ಕೋಟಿ ಇಟ್ಟಾರಂತ. ಇನ್ನ ಮುಂದ ತಿಂಗಳಿಗೆ ಎರಡು ಸಾವಿರದ ನೂರು ಬರತೈತೇನ್ರಿ?" ಎಂದು ಕೇಳಿದರು. ಮಹಿಳೆಯರ ಖಾತೆಗೆ ತಿಂಗಳು ತಿಂಗಳು ಹಣ ಹಾಕುವ ಈ ಯೋಜನೆಯ 1,500 ರೂಪಾಯಿಯನ್ನು 2,100ಕ್ಕೆ ಏರಿಸುವುದಾಗಿ 2024ರ ಚುನಾವಣೆಗೆ ಮುನ್ನ ಆಡಳಿತ ಪಕ್ಷಗಳು ಹೇಳಿದ್ದನ್ನು ಅವರು ಮರೆತಿರಲಿಲ್ಲ.

ಅವರ ಮೊಬೈಲಿನಲ್ಲೇ ಲೆಕ್ಕ ಮಾಡಿದೆವು. ತಿಂಗಳಿಗೆ 1,500 ಎಂದರೆ ವರ್ಷಕ್ಕೆ 18,000. ಮೂವತ್ತಾರು ಸಾವಿರ ಕೋಟಿಯನ್ನು 18,000ದಿಂದ ಭಾಗಿಸಿದರೆ ಸರಿಯಾಗಿ ಎರಡು ಕೋಟಿ ಮಹಿಳೆಯರು ಬರುತ್ತಾರೆ. ಹಿಂದಿನ ವರ್ಷ, ಅಂದರೆ ಯೋಜನೆ 2024ರ ಜುಲೈಯಲ್ಲಿ ಶುರುವಾದ ಮೊದಲ ವರ್ಷದಲ್ಲಿ, ಒಂಬತ್ತು ತಿಂಗಳ ಕಂತುಗಳಿಗೆ ಸುಮಾರು 33,000 ಕೋಟಿ ಖರ್ಚಾಗಿತ್ತು. ಒಂಬತ್ತು ತಿಂಗಳಿಗೆ ಒಬ್ಬರಿಗೆ 13,500; ಭಾಗಿಸಿದರೆ ಎರಡು ಕೋಟಿ ನಲವತ್ತು ಲಕ್ಷಕ್ಕೂ ಹೆಚ್ಚು ಮಹಿಳೆಯರು. ಯೋಜನೆಯನ್ನು ಮೊದಲು ಪ್ರಕಟಿಸಿದಾಗ ಹೇಳಿದ ವಾರ್ಷಿಕ ಮೊತ್ತವೂ 46,000 ಕೋಟಿ. ಹಾಗಿರುವಾಗ ಇಡೀ ಹನ್ನೆರಡು ತಿಂಗಳಿಗೆ 36,000 ಕೋಟಿ ಇಟ್ಟರೆ, ಹಳೆಯ 1,500ರ ದರದಲ್ಲಿಯೇ ಎಲ್ಲರಿಗೂ ಸಾಲುವುದಿಲ್ಲ. 2,100ರ ದರದಲ್ಲಿ ಒಂದು ಕೋಟಿ ನಲವತ್ತಮೂರು ಲಕ್ಷ ಮಹಿಳೆಯರಿಗಷ್ಟೇ ಸಾಕಾದೀತು.

ಅಕ್ಕ ಮೊಬೈಲಿನ ಪರದೆಯನ್ನು ಒಂದು ಗಳಿಗೆ ನೋಡಿ, "ಹಂಗಾದ್ರ ಯಾರದರ ಹೆಸರು ತೆಗೀತಾರಲ್ರಿ?" ಎಂದರು. ಭಾಷಣದಲ್ಲಿ ಎಲ್ಲಿಯೂ ಹೇಳದ ಸಂಗತಿ ಅದು. ಅಂಕಿಯೊಳಗೆ ಮಾತ್ರ ಇತ್ತು, ಮತ್ತು ಏಳನೆಯ ಇಯತ್ತೆಯವರೆಗೆ ಓದಿದ ಅವರು ಅದನ್ನು ಕಂಡರು. ಬಜೆಟ್ ನಮಗೆ ಅರ್ಥವಾಗುವುದಿಲ್ಲ ಎಂದು ಪದವೀಧರರು ಹೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಮುಂದೆ ಆದದ್ದೂ ಹಾಗೆಯೇ: ಆ ವರ್ಷ ಅರ್ಜಿಗಳ ಪರಿಶೀಲನೆ ಬಿಗಿಯಾಯಿತು, ಲಕ್ಷಾಂತರ ಮಹಿಳೆಯರಿಗೆ ಕಂತು ನಿಂತಿತು, ಸೆಪ್ಟೆಂಬರಿನಲ್ಲಿ ಇ-ಕೆವೈಸಿ ಕಡ್ಡಾಯವಾಯಿತು. ಆದ್ದರಿಂದ ಮೊತ್ತವನ್ನು ಭಾಗಿಸಿ ನೋಡಿ ಎಂದು ಮತ್ತೆ ಹೇಳುತ್ತೇನೆ.

ಸಮಯ ಕಡಿಮೆ ಉಳಿದಿರುವುದರಿಂದ ಇನ್ನೆರಡು ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಭಾಷಣದಲ್ಲಿ ಹೇಳಿದ ತೆರಿಗೆಯೂ ಅಂತಿಮವಲ್ಲ. 30 ಲಕ್ಷಕ್ಕಿಂತ ಹೆಚ್ಚು ಬೆಲೆಯ ವಿದ್ಯುತ್ ವಾಹನಗಳಿಗೆ ಶೇಕಡಾ 6 ತೆರಿಗೆಯ ಪ್ರಸ್ತಾಪ ಅದೇ ಬಜೆಟ್ಟಿನಲ್ಲಿತ್ತು. ಮಾರ್ಚ್ ಮುಗಿಯುವುದರೊಳಗೆ ಮುಖ್ಯಮಂತ್ರಿಗಳು ಅದನ್ನು ಕೈಬಿಟ್ಟರು. ಮೊತ್ತವೂ ಮಾರ್ಚಿನಲ್ಲಿ ನಿಂತುಬಿಡುವುದಿಲ್ಲ. ಮಳೆಗಾಲದ ಅಧಿವೇಶನದಲ್ಲಿ ಬಜೆಟ್ಟಿನ ಮೇಲೆ ಹೆಚ್ಚುವರಿ ಹಣ ಕೇಳುವ ಪೂರಕ ಬೇಡಿಕೆಗಳು ಬರುತ್ತವೆ, ಮರಾಠಿ ಪತ್ರಿಕೆಗಳು ಇವನ್ನು ಪುರವಣಿ ಮಾಗಣ್ಯಾ ಎಂದು ಬರೆಯುತ್ತವೆ. 2025ರ ಜೂನ್ 30ರಂದು ಮಂಡಿಸಿದ ಪೂರಕ ಬೇಡಿಕೆಗಳ ಮೊತ್ತವೇ 57,000 ಕೋಟಿಗೂ ಮೇಲಿತ್ತು. ನಿಮ್ಮ ಯೋಜನೆಗೆ ಮಾರ್ಚಿನಲ್ಲಿ ಹಣ ಸಾಲದಿದ್ದರೆ, ಜುಲೈಯಲ್ಲಿ ಆ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂದು ನೋಡಿ. ಅಲ್ಲಿಯೂ ಇಲ್ಲದಿದ್ದರೆ ಡಿಸೆಂಬರಿನ ನಾಗಪುರ ಅಧಿವೇಶನದಲ್ಲಿ ಇನ್ನೊಂದು ಪಟ್ಟಿ ಬರುತ್ತದೆ. ನಮಸ್ಕಾರ.