ಬ್ಯಾಕ್ ಇದ್ದವರು ಇಂಟರ್‌ವ್ಯೂನಲ್ಲಿ ಏನು ಹೇಳಬೇಕು?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಕಾಲೇಜುಗಳಿಂದ ಬರುವ ಹುಡುಗ ಹುಡುಗಿಯರನ್ನು ಇಂಟರ್‌ವ್ಯೂ ಮಾಡುವ ಕಡೆ ಕೂತು ನೋಡಿದವನು ನಾನು. ಬ್ಯಾಕ್ ಇದ್ದವರು ತೊಂದರೆಗೆ ಸಿಕ್ಕಿಹಾಕಿಕೊಳ್ಳುವುದು ಮಾತಾಡುವಾಗ ಅಲ್ಲ, ಅದಕ್ಕೂ ಮೊದಲು ಫಾರ್ಮ್ ತುಂಬುವಾಗ. ಅಲ್ಲಿಂದಲೇ ಶುರು ಮಾಡೋಣ.

ಒಂದು ಉದಾಹರಣೆ ತಗೊಳ್ಳಿ. ಒಬ್ಬ ಹುಡುಗಿ, ಕಂಪ್ಯೂಟರ್ ಸೈನ್ಸ್, ವಿಟಿಯುನ 2018ರ ಸ್ಕೀಮ್. ಸಿಜಿಪಿಎ 6.1. ಐದು ಸಬ್ಜೆಕ್ಟ್ ಬ್ಯಾಕ್ ಆಗಿದ್ದವು, ಅದರಲ್ಲಿ ಒಂದು ಡೇಟಾ ಸ್ಟ್ರಕ್ಚರ್ಸ್. ಈಗ ಎಲ್ಲವೂ ಕ್ಲಿಯರ್ ಆಗಿವೆ.

ಫಾರ್ಮ್‌ನಲ್ಲಿ ಪರ್ಸೆಂಟೇಜ್ ಕೇಳುತ್ತಾರೆ. 6.1 ಅಂದರೆ 61 ಅಂತ ಬರೆದುಬಿಡಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಆ ಸ್ಕೀಮ್‌ನ ಲೆಕ್ಕ ಬೇರೆ. ಸಿಜಿಪಿಎಯಿಂದ 0.75 ಕಳೆದು, 10ರಿಂದ ಗುಣಿಸಬೇಕು. ಬರುವುದು 53.5. ಕಂಪನಿ 60 ಕಟ್ಆಫ್ ಇಟ್ಟಿದ್ದರೆ 61 ಒಳಗೆ, 53.5 ಹೊರಗೆ. 61 ಬರೆದು ಒಳಗೆ ಹೋದವಳು ಮುಂದೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತಾಳೆ. ಆಗ ಕಡಿಮೆ ಮಾರ್ಕ್ಸ್ ದೊಡ್ಡ ವಿಷಯವೇ ಅಲ್ಲ, ತಪ್ಪು ಮಾಹಿತಿ ಕೊಟ್ಟದ್ದೇ ದೊಡ್ಡದಾಗುತ್ತದೆ. ಕೆಲಸಕ್ಕೆ ಸೇರಿದ ಮೇಲೂ ಅದೇ ಕಾರಣಕ್ಕೆ ತೆಗೆದುಹಾಕಬಹುದು. ಬೇರೆ ಸ್ಕೀಮ್‌ನವರು ನಿಮ್ಮ ಸ್ಕೀಮ್‌ನ ನಿಯಮ ನೋಡಿಯೇ ಲೆಕ್ಕ ಹಾಕಿ.

ಬ್ಯಾಕ್‌ಲಾಗ್ ಕಾಲಂ ಕೂಡ ಎರಡು ಥರ ಇರುತ್ತದೆ. 'ಆಕ್ಟಿವ್' ಅಂದರೆ ಈಗಲೂ ಉಳಿದಿರುವುದು. ಇವಳು ಅಲ್ಲಿ ಸೊನ್ನೆ ಬರೆಯಬೇಕು. 'ಹಿಸ್ಟರಿ' ಅಂದರೆ ಹಿಂದೆ ಆಗಿದ್ದದ್ದು. ಅಲ್ಲಿ ಐದು ಬರೆಯಬೇಕು. ಹೇಗೂ ಕ್ಲಿಯರ್ ಆಗಿದೆಯಲ್ಲ ಅಂತ ಎರಡೂ ಕಡೆ ಸೊನ್ನೆ ಬರೆದರೆ ಅದು ಸುಳ್ಳು.

ರೆಸ್ಯೂಮೆ ವಿಷಯ ಬೇರೆ. ಯಾರೂ ಕೇಳದಿದ್ದರೆ ಅದರಲ್ಲಿ ಐದು ಬ್ಯಾಕ್ ಅಂತ ಬರೆಯಬೇಕಾಗಿಲ್ಲ. ಪ್ರಾಜೆಕ್ಟ್ ಮೇಲೆ ಇರಲಿ, ಓದು ಕೆಳಗೆ ಇರಲಿ. ಇಂಟರ್‌ವ್ಯೂ ಮಾಡುವವರು ಹೆಚ್ಚಾಗಿ ಮೊದಲು ಕಣ್ಣಿಗೆ ಬಿದ್ದದ್ದನ್ನೇ ಕೇಳುತ್ತಾರೆ. ಮಾತು ತಿರುಗಿಸುವ ಕೆಲಸ ಅರ್ಧ ಇಲ್ಲೇ ಮುಗಿಯುತ್ತದೆ.

ಈ ಹುಡುಗಿಯ ಪ್ರಾಜೆಕ್ಟ್ ನಮ್ಮೂರಿನದೇ ಅಂತ ಇಟ್ಟುಕೊಳ್ಳಿ: ಮಂಡಕ್ಕಿ ಭಟ್ಟಿಯೊಂದರ ಉದ್ರಿ ಲೆಕ್ಕದ ಆ್ಯಪ್. ಯಾವ ಅಂಗಡಿಗೆ ಎಷ್ಟು ಚೀಲ ಹೋಯಿತು, ಎಷ್ಟು ದುಡ್ಡು ಬಾಕಿ ಅನ್ನುವುದು. ರೆಸ್ಯೂಮೆಯಲ್ಲಿ 'ಪೈಥಾನ್ ಬಳಸಿ ಆ್ಯಪ್ ಮಾಡಿದೆ' ಅಂತ ಬರೆದರೆ ಯಾರೂ ಏನೂ ಕೇಳುವುದಿಲ್ಲ. 'ನೆಟ್‌ವರ್ಕ್ ನಿಧಾನವಾದಾಗ ಒಂದೇ ಲೋಡು ಎರಡು ಸಲ ದಾಖಲಾಗುತ್ತಿದ್ದುದನ್ನು ಸರಿಪಡಿಸಿದೆ' ಅಂತ ಬರೆದು ನೋಡಿ. ಹೇಗೆ ಅಂತ ಕೇಳದೆ ಯಾರೂ ಬಿಡುವುದಿಲ್ಲ.

ಈಗ ಆ ಪ್ರಶ್ನೆ ಬರುತ್ತದೆ: "ಐದು ಬ್ಯಾಕ್ ಯಾಕೆ ಆಯ್ತು?" ಉತ್ತರ ಚಿಕ್ಕದಾಗಿರಲಿ, ಪೂರ್ತಿಯಾಗಿರಲಿ.

"ಹೌದು ಸರ್, ಮೂರನೇ ಮತ್ತು ನಾಲ್ಕನೇ ಸೆಮಿಸ್ಟರ್‌ನಲ್ಲಿ ಐದು ಹೋದವು. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಓದುತ್ತಿದ್ದೆ. ಏಳನೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಎಲ್ಲ ಕ್ಲಿಯರ್ ಮಾಡಿದೆ. ಅದರಲ್ಲಿ ಡೇಟಾ ಸ್ಟ್ರಕ್ಚರ್ಸ್ ನನಗೆ ನಿಜವಾಗಿ ಅರ್ಥವಾಗಿದ್ದು ಈ ಭಟ್ಟಿ ಆ್ಯಪ್ ಮಾಡುವಾಗ."

ಇಷ್ಟು ಹೇಳಿ ನಿಲ್ಲಿಸಬೇಕು. ಪೇಪರ್ ಕಷ್ಟ ಇತ್ತು, ಮೇಷ್ಟ್ರು ಸರಿಯಾಗಿ ಹೇಳಿಕೊಡಲಿಲ್ಲ ಅಂತ ಶುರು ಮಾಡಿದರೆ ಅದರ ಮೇಲೆ ಇನ್ನೂ ನಾಲ್ಕು ಪ್ರಶ್ನೆ ಬರುತ್ತವೆ. ಮನೆಯಲ್ಲಿ ಕಾಯಿಲೆ, ಕೆಲಸ ಮಾಡಿಕೊಂಡು ಓದಿದ್ದು, ಇಂಥ ನಿಜವಾದ ಕಾರಣ ಇದ್ದರೆ ಒಂದೇ ವಾಕ್ಯದಲ್ಲಿ ಹೇಳಿ. ಇಲ್ಲದ ಕಾಯಿಲೆ ಹುಟ್ಟಿಸಬೇಡಿ. ಕೊನೆಯ ವಾಕ್ಯ ನೋಡಿ, ಅದು ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತಿಲ್ಲ. ಉತ್ತರ ಕೊಟ್ಟಾದ ಮೇಲೆ ಮುಂದಿನ ಪ್ರಶ್ನೆಗೆ ದಾರಿ ಮಾಡಿಕೊಡುತ್ತಿದೆ.

ಆದರೆ ಆ ದಾರಿಯಲ್ಲಿ ಅವರು ಬಂದಾಗ ಕೈಯಲ್ಲಿ ಸರಕು ಇರಬೇಕು. "ಎರಡು ಸಲ ದಾಖಲಾಗುವುದನ್ನು ಹೇಗೆ ತಡೆದೆ?" ಸೇವ್ ಬಟನ್ ಒತ್ತಿದ ಮೇಲೆ ಉತ್ತರ ಬರುವುದು ತಡವಾಗುತ್ತದೆ. ಬಳಸುವವರು ಮತ್ತೆ ಒತ್ತುತ್ತಾರೆ. ಬಟನ್ ಮರೆಮಾಡಿದರೆ ಸಾಲದು, ಪೇಜ್ ರಿಫ್ರೆಶ್ ಮಾಡಿದಾಗ ಅದೇ ಎಂಟ್ರಿ ಮತ್ತೆ ಹೋಗಬಹುದು. ಅದಕ್ಕೆ ಫಾರ್ಮ್ ತೆರೆದಾಗಲೇ ಒಂದು ಐಡಿ ಹುಟ್ಟಿಸಿ, ಎಂಟ್ರಿಯ ಜೊತೆ ಕಳಿಸಿ, ಡೇಟಾಬೇಸ್‌ನಲ್ಲಿ ಆ ಕಾಲಂಗೆ `UNIQUE` ಹಾಕಬೇಕು. ಅದೇ ಐಡಿ ಎರಡನೇ ಸಲ ಬಂದರೆ ಡೇಟಾಬೇಸೇ ಒಪ್ಪುವುದಿಲ್ಲ. ಇದನ್ನು ಪೇಪರ್ ಮೇಲೆ ಗೀಚಿ ತೋರಿಸುವ ಹುಡುಗಿಯ ಮಾರ್ಕ್ಸ್ ಕಾರ್ಡನ್ನು ನಾನಂತೂ ಮತ್ತೆ ತೆಗೆದು ನೋಡುವುದಿಲ್ಲ. ಆ್ಯಪ್ ಯಾರೋ ಮಾಡಿಕೊಟ್ಟದ್ದಾದರೆ "ಇದನ್ನೇ ಬೇರೆ ಹೇಗೆ ಮಾಡಬಹುದಿತ್ತು?" ಅನ್ನುವ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಹೋದ ಸಬ್ಜೆಕ್ಟ್ ಕೆಲಸಕ್ಕೆ ಬೇಕಾದದ್ದೇ ಆಗಿದ್ದರೆ ಅದರಲ್ಲೇ ಕೇಳುತ್ತಾರೆ ಅಂತ ಇಟ್ಟುಕೊಳ್ಳಿ. ಗಣಿತದ ಬ್ಯಾಕ್ ಬಗ್ಗೆ ಜಾಸ್ತಿ ಕೆದಕದೇ ಇರಬಹುದು. ಡೇಟಾ ಸ್ಟ್ರಕ್ಚರ್ಸ್ ಬಿಡುವುದಿಲ್ಲ. ಲಿಂಕ್ಡ್ ಲಿಸ್ಟ್ ತಿರುಗಿಸುವುದು, ಸ್ಟಾಕ್, ಕ್ಯೂ, ಹ್ಯಾಷ್ ಟೇಬಲ್, ಇಷ್ಟನ್ನಾದರೂ ಕೈಯಲ್ಲಿ ಬರೆದು ಅಭ್ಯಾಸ ಮಾಡಿ ಹೋಗಿ.

60 ಕಟ್ಆಫ್ ಇರುವ ಡ್ರೈವ್‌ನಲ್ಲಿ ಈ ಯಾವುದೂ ನಡೆಯುವುದಿಲ್ಲ, ಅಲ್ಲಿ ಹೆಸರು ಮೊದಲೇ ಹೊರಗೆ ಹೋಗುತ್ತದೆ. ಅದರ ಹಿಂದೆ ಸುಮ್ನೆ ತಿಂಗಳುಗಟ್ಟಲೆ ಕಳೆಯಬೇಡಿ. ಕಟ್ಆಫ್ ಇಡದ ಸಣ್ಣ ಕಂಪನಿಗಳನ್ನು ಹುಡುಕಿ. ಅಲ್ಲಿ ಕೆಲಸ ಮಾಡುತ್ತಿರುವ ನಿಮ್ಮ ಸೀನಿಯರ್‌ಗೆ ಮೆಸೇಜ್ ಮಾಡಿ, ರೆಸ್ಯೂಮೆ ಜೊತೆ ಆ್ಯಪ್‌ನ ಲಿಂಕೂ ಕಳಿಸಿ. "ಅಣ್ಣಾ, ಕೆಲಸ ಕೊಡಿಸಿ" ಅನ್ನುವುದಕ್ಕಿಂತ "ಅಣ್ಣಾ, ಇದನ್ನು ನಿಮ್ಮ ಟೀಮ್‌ನವರಿಗೆ ತೋರಿಸ್ತೀರಾ?" ಅಂತ ಕೇಳಿದರೆ ಅವನಿಗೂ ಮುಂದಕ್ಕೆ ಕಳಿಸುವುದು ಸುಲಭ.