‘ಇಲ್ಲ’ ಮುಂದಿನ ಪುಟದಲ್ಲಿತ್ತು

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಮುಖಪುಟಗಳ ಚೆಂದದ ಸ್ಲೈಡುಗಳನ್ನು ನೋಡಿದಿರಿ. ನನ್ನ ಹತ್ತಿರ ಸ್ಲೈಡ್ ಇಲ್ಲ. ಎರಡು ಪುಟದ ಒಂದು ಹಳೇ ಪ್ರೂಫ್ ಇದೆ. ಇಪ್ಪತ್ತು ವರ್ಷದಿಂದ ಇಟ್ಟುಕೊಂಡಿದ್ದೇನೆ. ಅದರಲ್ಲಿ ಒಂದೇ ಒಂದು ಸಾಲಿನ ಬಗ್ಗೆ ಮಾತಾಡಲು ಬಂದಿದ್ದೇನೆ. ಸಾಲು ಅಂದರೂ ಜಾಸ್ತಿಯಾಯಿತು, ಅದು ಒಂದು ಪದ.

ಇಲ್ಲಿ ಕೂತಿರುವವರೆಲ್ಲ ಪುಟ ಕಟ್ಟುವವರು, ಇಲ್ಲವೇ ಕಟ್ಟಿಸುವವರು. ಹಾಗಾಗಿ ವಿಡೋ, ಆರ್ಫನ್ ಅಂದರೆ ಏನು ಅಂತ ವಿವರಿಸುತ್ತಾ ಕೂರುವುದಿಲ್ಲ. ಪ್ಯಾರಾದ ಕೊನೆಯ ಸಾಲು ಹೊಸ ಪುಟದ ನೆತ್ತಿಗೆ ಒಂಟಿಯಾಗಿ ಹೋದರೆ ವಿಡೋ. ಮೊದಲ ಸಾಲು ಪುಟದ ಬುಡದಲ್ಲಿ ಒಂಟಿಯಾಗಿ ಉಳಿದರೆ ಆರ್ಫನ್. ನನಗೆ ಈ ಹೆಸರುಗಳು ಇಷ್ಟವಿಲ್ಲ. ಗಂಡ ಸತ್ತವಳು, ತಂದೆತಾಯಿ ಇಲ್ಲದವರು, ಇವರೆಲ್ಲ ಪುಟದ ಕಸ ಅನ್ನೋ ಹಾಗೆ! ಜರ್ಮನ್ನರು ಬುಡದಲ್ಲಿ ಉಳಿಯುವುದಕ್ಕೆ ಚಪ್ಪಲಿ ಹೊಲಿಯುವವನ ಹುಡುಗ ಅನ್ನುತ್ತಾರೆ. ನೆತ್ತಿಗೆ ಹೋಗುವುದಕ್ಕೆ ಅವರು ಇಟ್ಟ ಹೆಸರನ್ನು ಈ ಸಭೆಯಲ್ಲಿ ಹೇಳುವ ಹಾಗಿಲ್ಲ, ಮುಂದಿನ ಸಾಲಿನಲ್ಲಿ ಹಿರಿಯರಿದ್ದಾರೆ. ನಮ್ಮ ಆಫೀಸಿನಲ್ಲಿ ನಾವು ಸುಮ್ನೆ ತಲೆ ಒಂಟಿ, ಬುಡದ ಒಂಟಿ ಅಂತೀವಿ. ಇವತ್ತೂ ಹಾಗೇ ಹೇಳುತ್ತೇನೆ.

ಸರಿ, ಕಥೆಗೆ ಬರೋಣ. ಒಂದು ಕಾದಂಬರಿ. ಡೆಮಿ ಸೈಜ್, ಪುಟಕ್ಕೆ 28 ಸಾಲು, 192 ಪುಟ. ಆಗೆಲ್ಲ ಪೇಜ್‌ಮೇಕರ್ ಕಾಲ. 113ನೇ ಪುಟದ ಬುಡದಲ್ಲಿ ಐದು ಸಾಲಿನ ಒಂದು ಪ್ಯಾರಾ, ನಾಲ್ಕು ಸಾಲು ಅಲ್ಲಿ ಹಿಡಿಸಿದೆ. ನಾಲ್ಕನೆಯ ಸಾಲು ಮುಗಿಯುವುದು ‘ಅವಳು ಆ ಮನೆಗೆ ಮತ್ತೆ ಹೋಗಲು ಒಪ್ಪಿಕೊಳ್ಳಲೇ’ ಅಂತ. 113 ಬೆಸ ಸಂಖ್ಯೆ, ಅಂದರೆ ಬಲಗಡೆಯ ಪುಟ. ಹಾಳೆ ತಿರುವಬೇಕು. ತಿರುವಿದರೆ 114ರ ನೆತ್ತಿಯಲ್ಲಿ ‘ಇಲ್ಲ.’ ಅಂತ ಒಂದು ಪದ, ಪಕ್ಕದಲ್ಲಿ ಮೈಲಿ ಉದ್ದದ ಖಾಲಿ ಜಾಗ.

ಲೇಖಕಿ ಫೋನ್ ಮಾಡಿದರು. ‘ಏನಪ್ಪಾ, ಅವಳು ಒಪ್ಪಿದಳೋ ಇಲ್ಲವೋ ಅಂತ ಹಾಳೆ ತಿರುವಿ ನೋಡಬೇಕಾ? ಇದೇನು ಪತ್ತೇದಾರಿ ಕಾದಂಬರಿನಾ?’ ಅಂದರು. ನನಗೆ ನಗು ಬಂತು. ಆದರೆ ಆವತ್ತು ರಾತ್ರಿ ಯೋಚನೆ ಹತ್ತಿತು. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದುಬಿಡುತ್ತದೆ. ‘ನಾಟ್’ ಕೂಡ ಸಾಮಾನ್ಯವಾಗಿ ಅದರ ಬೆನ್ನಿಗೇ ಇರುತ್ತದೆ. ಅವರ ಪ್ಯಾರಾದ ಕೊನೆಯ ಪದ ಮುಂದಿನ ಪುಟಕ್ಕೆ ಹೋದರೆ ಕಣ್ಣಿಗೆ ಅಸಹ್ಯ, ಅಷ್ಟೆ. ನಮ್ಮಲ್ಲಿ ವಾಕ್ಯದ ಕೊನೆಯಲ್ಲೇ ಎಲ್ಲ ಇರುವುದು. ಹೋದನು, ಹೋಗಲಿಲ್ಲ, ಹೋಗಬೇಡ, ಹೋಗಬಹುದು. ಕನ್ನಡದಲ್ಲಿ ತಲೆ ಒಂಟಿ ಅಂದರೆ ಹೆಚ್ಚಿನ ಸಲ ಕ್ರಿಯಾಪದವೇ ಮುಂದಿನ ಪುಟಕ್ಕೆ ಓಡಿಹೋಗಿರುತ್ತದೆ. ಇನ್ನೊಂದು, ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಅವಕ್ಕಾಗಿ ಸಾಲುಗಳ ನಡುವೆ ಜಾಗ ಜಾಸ್ತಿ ಬಿಡುತ್ತೇವೆ, ಪುಟಕ್ಕೆ ಸಾಲು ಕಡಿಮೆ ಹಿಡಿಯುತ್ತದೆ. ಇರುವ 28ರಲ್ಲಿ ಒಂದು ಸಾಲು ಖಾಲಿ ಹೊಡೆದರೆ ಎದ್ದು ಕಾಣುತ್ತದೆ.

ಮರುದಿನ ನಾನು ಮಾಡಿದ್ದು ದೊಡ್ಡ ತಪ್ಪು. ಪೇಜ್‌ಮೇಕರಿನ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವಿಡೋ ಕಂಟ್ರೋಲ್, ಆರ್ಫನ್ ಕಂಟ್ರೋಲ್ ಅಂತ ಎರಡು ಚೌಕ ಇದ್ದವು. ನನ್ನ ಫೈಲಿನಲ್ಲಿ ಎರಡರಲ್ಲೂ ಸೊನ್ನೆ. ನಾನು ಎರಡಕ್ಕೂ 2 ಅಂತ ಹೊಡೆದು, ಸ್ಟೈಲಿಗೇ ಹಾಕಿ, ಓಕೆ ಒತ್ತಿದೆ. ಪ್ರೂಫ್ ಒಪ್ಪಿಗೆಯಾಗಿ, ಪರಿವಿಡಿ ಕೂಡ ಹಾಕಿಯಾಗಿದ್ದ ಫೈಲು ಅದು! ಪುಸ್ತಕ 194 ಪುಟ ಆಯಿತು.

ಪ್ರಕಾಶಕರೆಲ್ಲ ನಗುತ್ತಿದ್ದೀರಿ, ಯಾಕೆ ಅಂತ ಗೊತ್ತು. 192 ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟದ ಸರಿಯಾಗಿ 12 ಫಾರಂ. ಎರಡು ಪುಟಕ್ಕೋಸ್ಕರ ಹದಿಮೂರನೇ ಫಾರಂಗೆ ಪ್ಲೇಟ್ ಮಾಡಿಸಿ ಅಂದರೆ ಯಾರು ಒಪ್ಪುತ್ತಾರೆ?

ಆ ಎರಡು ಪುಟ ಎಲ್ಲಿಂದ ಬಂದವು ಅನ್ನುವುದೇ ನನ್ನ ಇವತ್ತಿನ ವಿಷಯ. 2 ಅಂತ ಹಾಕಿದಾಗ ನಾವು ಹೇಳುತ್ತಿರುವುದು ಇಷ್ಟು: ಪ್ಯಾರಾ ಒಡೆಯುವುದಾದರೆ ಈ ಕಡೆ ಕನಿಷ್ಠ ಎರಡು ಸಾಲು, ಆ ಕಡೆ ಕನಿಷ್ಠ ಎರಡು ಸಾಲು ಇರಲಿ. ಐದು ಸಾಲಿನ ಪ್ಯಾರಾ ನಾಲ್ಕು-ಒಂದು ಆಗುತ್ತಿತ್ತಲ್ಲ, ಈಗ ಮೂರು-ಎರಡು ಆಗುತ್ತದೆ. ಒಂದು ಸಾಲು ಜಾಸ್ತಿ ಕೆಳಗೆ ಹೋಯಿತು, 113ರಲ್ಲಿ 27 ಸಾಲು ಉಳಿಯಿತು. ಇದು ಸಲೀಸು. ಮೂರು ಸಾಲಿನ ಪ್ಯಾರಾಕ್ಕೆ ಏನಾಗುತ್ತದೆ ನೋಡಿ. ಎರಡು-ಒಂದು ಆದರೆ ತಲೆ ಒಂಟಿ. ಒಂದು-ಎರಡು ಆದರೆ ಬುಡದ ಒಂಟಿ. ಎರಡೂ ನಿಷಿದ್ಧ. ಅಂದಮೇಲೆ ಮೂರು ಸಾಲಿನ ಪ್ಯಾರಾ ಒಡೆಯುವ ಹಾಗೇ ಇಲ್ಲ, ಇಡೀ ಪ್ಯಾರಾ ಮುಂದಕ್ಕೆ ಹೋಗಬೇಕು. ಬುಡದಲ್ಲಿ ಎರಡು ಸಾಲು ಖಾಲಿ. ಅದರ ಮೇಲೆ ಒಂದು ಉಪಶೀರ್ಷಿಕೆ ಇದ್ದು, ಅದು ಕೆಳಗಿನ ಪ್ಯಾರಾಕ್ಕೆ ಅಂಟಿಕೊಂಡಿರಲಿ ಅಂತ ಹೇಳಿದ್ದರೆ ಅದೂ ಜೊತೆಗೆ ಹೊರಡುತ್ತದೆ. ಶೀರ್ಷಿಕೆಗೆ ಮೂರು ಸಾಲಿನ ಜಾಗ ಬಿಟ್ಟಿದ್ದರೆ ಒಟ್ಟು ಐದು ಸಾಲು ಬಯಲು.

ನಮ್ಮ ಕಾದಂಬರಿಗಳಲ್ಲಿ ಸಂಭಾಷಣೆ ಎಷ್ಟು ಅಂತ ನಿಮಗೇ ಗೊತ್ತು. ಎರಡು ಸಾಲು, ಮೂರು ಸಾಲು, ಕೊನೆಯಲ್ಲಿ ‘ಎಂದ’, ‘ಎಂದಳು’. ಒಡೆಯಲು ಬಾರದ ಪ್ಯಾರಾಗಳ ಸಾಲೇ ಸಾಲು. ಪುಟದಿಂದ ಪುಟಕ್ಕೆ ಒಂದೊಂದು, ಎರಡೆರಡು ಸಾಲು ತಳ್ಳುತ್ತಾ ಹೋಗಿ ಅಧ್ಯಾಯದ ಕೊನೆಗೆ ಬಂದಾಗ, ಕೊನೆಯ ಪುಟ ಮೊದಲೇ ತುಂಬಿದ್ದ ಎರಡು ಅಧ್ಯಾಯಗಳು ಉಕ್ಕಿದವು. ಪ್ರತಿ ಅಧ್ಯಾಯ ಹೊಸ ಪುಟದಿಂದ ಶುರುವಾಗುತ್ತಿದ್ದ ಕಾರಣ ಒಂದೊಂದರಿಂದ ಒಂದೊಂದು ಪುಟ ಹೆಚ್ಚಾಯಿತು.

ನಾನು ಹೇಳುವುದು ಇದನ್ನೇ: ಈ ಸೆಟ್ಟಿಂಗಿಗೆ ತಳ್ಳುವುದು ಗೊತ್ತು, ಎಳೆಯುವುದು ಗೊತ್ತಿಲ್ಲ. ಪೇಜ್‌ಮೇಕರ್ ಅಂತಲ್ಲ, ವರ್ಡ್ ಆಗಲಿ ಇನ್‌ಡಿಸೈನ್ ಆಗಲಿ, ಬುಡಕ್ಕೆ ಬಂದಾಗ ಸಾಲನ್ನು ಕೆಳಗೆ ಕಳಿಸುತ್ತವೆ. ‘ಮೂರು ಪುಟ ಹಿಂದೆ ಒಂದು ಸಾಲು ಉಳಿಸಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ’ ಅಂತ ತಿರುಗಿ ನೋಡುವುದಿಲ್ಲ. ಅದು ನಮ್ಮ ಕೆಲಸ.

ಆ ರಾತ್ರಿ ನಾನು ಮಾಡಿದ್ದು ಅದನ್ನೇ. ಉಕ್ಕಿದ ಅಧ್ಯಾಯದ ಮೊದಲ ಪುಟದಿಂದ ಶುರು ಮಾಡಿದೆ. ಕೊನೆಯಿಂದ ಶುರು ಮಾಡಬೇಡಿ, ಮೊದಲಿನ ಪುಟಗಳಲ್ಲಿ ಒಂದು ಸಾಲು ಅಲ್ಲಾಡಿದರೆ ಕೊನೆಯಿಂದ ಮಾಡಿದ ಕೆಲಸವೆಲ್ಲ ಹೋಗುತ್ತದೆ. ಹುಡುಕುವುದು ಏನನ್ನು? ಕೊನೆಯ ಸಾಲಿನಲ್ಲಿ ‘ಎಂದ.’ ಅಂತ ಒಂದೇ ಚಿಕ್ಕ ಪದ ಇರುವ ಪ್ಯಾರಾಗಳನ್ನು. ಅವು ಉದ್ದವಾಗಿದ್ದಷ್ಟೂ ಒಳ್ಳೆಯದು. ಏಳೆಂಟು ಸಾಲಿನ ಪ್ಯಾರಾದಲ್ಲಿ ಪದಗಳ ನಡುವಿನ ಜಾಗ ಶೇಕಡಾ ನೂರು ಇದ್ದದ್ದನ್ನು 94, 92ಕ್ಕೆ ಇಳಿಸಿದರೆ ಆ ‘ಎಂದ’ ಎಷ್ಟೋ ಸಲ ಮೇಲಕ್ಕೆ ಬಂದುಬಿಡುತ್ತದೆ. ಓದುವವರಿಗೆ ಗೊತ್ತೇ ಆಗುವುದಿಲ್ಲ. ಎರಡು ಸಾಲಿನ ಪ್ಯಾರಾದಲ್ಲಿ ಇದೇ ಕೆಲಸ ಮಾಡಿದರೆ ಪದಗಳು ಬಸ್ಸಿನಲ್ಲಿ ನಿಂತ ಹಾಗೆ ಕಾಣುತ್ತವೆ. ಒಂದು ಸಾಲು ಬೆಳೆಸಬೇಕಾದರೆ ಇದಕ್ಕೆ ತಿರುಗಾ ಮುರುಗಾ: ಕೊನೆಯ ಸಾಲು ಅಂಚಿನ ತನಕ ತುಂಬಿರುವ ಪ್ಯಾರಾ ಹುಡುಕಿ ಸ್ವಲ್ಪ ಸಡಿಲ ಮಾಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಪದಗಳ ನಡುವಿನ ಜಾಗ ಅಂದೆ, ಅಕ್ಷರಗಳ ನಡುವಿನದು ಅನ್ನಲಿಲ್ಲ. ಹಳೇ ನುಡಿ ಫಾಂಟಿನಂಥವುಗಳಲ್ಲಿ ಒಂದು ‘ಮ’ ಮೂರು ತುಂಡುಗಳಿಂದ ಆಗಿರುತ್ತದೆ. ಟ್ರ್ಯಾಕಿಂಗ್ ಬದಲಿಸಿದರೆ ಆ ತುಂಡುಗಳೇ ಒಂದಕ್ಕೊಂದು ಹತ್ತುತ್ತವೆ ಅಥವಾ ಬಿಟ್ಟುಕೊಳ್ಳುತ್ತವೆ. ಒಂದು ಪುಸ್ತಕದಲ್ಲಿ ನಾನು ಹೀಗೆ ಮಾಡಿ, ‘ಮಮತೆ’ ಅನ್ನುವ ಪದದ ‘ಮ’ಗಳ ಬಾಲ ಬೇರೆ, ತಲೆ ಬೇರೆ ಆಗಿತ್ತು. ಅದು ಇನ್ನೊಂದು ಕಥೆ, ಬೇಡ.

ಸಾಲುಗಳ ನಡುವಿನ ಜಾಗವನ್ನೂ ಮುಟ್ಟಬೇಡಿ. ಪುಟ ತುಂಬಿಸಲು ಒಂದೇ ಪುಟದ ಲೆಡಿಂಗ್ ಹಿಗ್ಗಿಸಿದರೆ ಎದುರು ಪುಟದ ಸಾಲಿಗೆ ಸಾಲು ಕೂಡುವುದಿಲ್ಲ. ಕಾಗದ ತೆಳುವಾಗಿದ್ದರೆ ಹಿಂಬದಿಯ ಸಾಲು ಮುಂಬದಿಯ ಎರಡು ಸಾಲುಗಳ ಮಧ್ಯೆ ಇಣುಕುತ್ತದೆ. ಅದಕ್ಕಿಂತ ಎದುರುಬದುರು ಇರುವ ಎರಡೂ ಪುಟಗಳನ್ನು 27 ಸಾಲಿಗೆ ನಿಲ್ಲಿಸಿ. ಬುಡ ಸಮ ಇದ್ದರೆ ಯಾರೂ ಎಣಿಸುವುದಿಲ್ಲ.

ಹೀಗೆ ಮೂರು ‘ಎಂದ’, ಒಂದು ‘ಅಂತೆ’, ಎರಡು ‘ಎಂದಳು’ ಮೇಲಕ್ಕೆ ಎಳೆದ ಮೇಲೆ ಪುಸ್ತಕ 192ಕ್ಕೆ ಬಂತು. 112ನೇ ಪುಟದ ಒಂದು ಪ್ಯಾರಾದಲ್ಲಿ ಸಾಲು ಉಳಿದು, ಆ ‘ಇಲ್ಲ’ ಕೂಡ 113ರ ಬುಡಕ್ಕೆ ಬಂದು ಕೂತಿತು. ಪರಿವಿಡಿ ಮತ್ತೆ ಹಾಕಿದೆವು. ಬೆಳಗಾಗಿತ್ತು.

ಈಗ ಟೆಕ್ ಅನ್ನುವ ಪುಟ ಕಟ್ಟುವ ತಂತ್ರಾಂಶ ಬಳಸುವ ಕೆಲವರು ಇಲ್ಲಿದ್ದೀರಿ. ನಿಮ್ಮ ಮಾದರಿ ಚೆನ್ನಾಗಿದೆ, ಒಪ್ಪುತ್ತೇನೆ. ಅಲ್ಲಿ ಬೇಡ ಅನ್ನುವುದಿಲ್ಲ, ದಂಡ ಹಾಕುತ್ತಾರೆ. ಒಂಟಿ ಸಾಲಿಗೆ ಸಾಮಾನ್ಯ ದಂಡ 150. 10000 ಅಂದರೆ ಸುತರಾಂ ಕೂಡದು. ನೀವೆಲ್ಲ ಫೈಲಿನ ನೆತ್ತಿಯಲ್ಲೇ ಇದನ್ನು ಬರೆದು ಬಿಡುತ್ತೀರಿ:

```
\widowpenalty=10000
\clubpenalty=10000
```

ಕ್ಲಬ್ ಅಂದರೆ ಅಲ್ಲಿ ಬುಡದ ಒಂಟಿ. ಆಮೇಲೆ `Underfull \vbox` ಅಂತ ಸಾಲುಗಟ್ಟಿ ಎಚ್ಚರಿಕೆ ಬಂದರೂ ಓದುವುದಿಲ್ಲ! ಪುಟದ ಬುಡ ಸಮ ಇರಬೇಕು ಅಂತಲೂ ಹೇಳಿ, ಒಡೆಯಕೂಡದು ಅಂತಲೂ ಹೇಳಿದರೆ ಅದು ಪ್ಯಾರಾಗಳ ನಡುವೆ ಸಂದು ಬಿಟ್ಟು ಪುಟವನ್ನು ಎಳೆದು ಹಿಗ್ಗಿಸುತ್ತದೆ. ಪ್ಯಾರಾದೊಳಗೆ ಸಾಲು ಒಡೆಯುವಾಗ ಟೆಕ್ ಇಡೀ ಪ್ಯಾರಾವನ್ನು ಒಟ್ಟಿಗೆ ನೋಡುತ್ತದೆ. ಪುಟ ಒಡೆಯುವಾಗ ಮಾತ್ರ ಒಂದೊಂದೇ ಪುಟ ನೋಡಿಕೊಂಡು ಮುಂದೆ ಹೋಗುತ್ತದೆ. ಅದಕ್ಕೂ ಎಳೆಯಲು ಬರುವುದಿಲ್ಲ. ಪ್ಯಾರಾಕ್ಕೆ `\looseness=-1` ಅಂತ ನೀವೇ ಹೇಳಬೇಕು. ಆಗಲೂ ಆಗುವುದಾದರೆ ಮಾತ್ರ ಒಂದು ಸಾಲು ಕಡಿಮೆ ಮಾಡುತ್ತದೆ, ಬಲವಂತ ಮಾಡುವುದಿಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಸರಿ, ಉಳಿದದ್ದು ಬೇಗ.

ವರ್ಡಿನಲ್ಲಿ `Widow/Orphan control` ಸಾಮಾನ್ಯವಾಗಿ ತಾನೇ ಆನ್ ಆಗಿರುತ್ತದೆ, ಅಂಕಿ ಬದಲಿಸಲು ಬರುವುದಿಲ್ಲ. ಇನ್‌ಡಿಸೈನಿನಲ್ಲಿ ನೀವೇ `Keep Options`ಗೆ ಹೋಗಿ ಆನ್ ಮಾಡಬೇಕು. ಅಲ್ಲಿ ಶುರುವಿಗೆ ಎರಡು, ಕೊನೆಗೆ ಎರಡು ಅನ್ನುವುದನ್ನು ಆರಿಸಿ. ಮೇಲಿರುವ `All Lines in Paragraph` ಒತ್ತಿಬಿಟ್ಟರೆ ಯಾವ ಪ್ಯಾರಾವೂ ಒಡೆಯುವುದಿಲ್ಲ. ಹತ್ತು ಸಾಲಿನ ಪ್ಯಾರಾ ಕೂಡ ಎದ್ದು ಮುಂದಿನ ಪುಟಕ್ಕೆ ಹೋಗುತ್ತದೆ. ಅರ್ಧ ಪುಟ ಖಾಲಿ ಬಂದಿದೆ ಅಂತ ಫೋನ್ ಮಾಡುವವರಿಗೆ ನಾನು ಮೊದಲು ಕೇಳುವುದು ಇದನ್ನೇ.

ಇ-ಪುಸ್ತಕಕ್ಕೆ ಸಿಎಸ್ಎಸ್‌ನಲ್ಲಿ `widows: 2; orphans: 2;` ಬರೆಯಬಹುದು. ಓದುವವರು ಅಕ್ಷರ ದೊಡ್ಡದು ಮಾಡಿದ ಕೂಡಲೇ ಪುಟವೇ ಬೇರೆ, ಅಲ್ಲಿ ಎಳೆಯುವ ಕೈಗೆ ಕೆಲಸವಿಲ್ಲ. ಅಡಿಟಿಪ್ಪಣಿ, ಕವಿತೆ ಎರಡನ್ನೂ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ. ಕವಿತೆಗೆ ಈ ಲೆಕ್ಕ ಹಾಕಬೇಡಿ, ಅಲ್ಲಿ ಚರಣ ನೋಡಿ ಒಡೆಯಿರಿ, ಅಷ್ಟು ಸಾಕು. ಮುಖ್ಯವಾಗಿ, ಮೊದಲ ಪ್ರೂಫ್ ತೆಗೆಯುವ ಮುಂಚೆಯೇ ಸೆಟ್ಟಿಂಗ್ ಹಾಕಿಬಿಡಿ. ಎಳೆಯುವ ಕೆಲಸ ತಿದ್ದುಪಡಿ ಎಲ್ಲ ಮುಗಿದ ಮೇಲೆ. ನಾನು ಎರಡನ್ನೂ ಒಂದೇ ರಾತ್ರಿ ಮಾಡಿದೆ.

ಆ 113, 114ರ ಪ್ರೂಫನ್ನು ಹೊರಗೆ ಮೇಜಿನ ಮೇಲೆ ಇಟ್ಟಿದ್ದೇನೆ. ‘ಇಲ್ಲ’ದ ಸುತ್ತ ಲೇಖಕಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ. ನೋಡಿ, ಆದರೆ ದಯವಿಟ್ಟು ಅದರ ಮೇಲೆ ಕಾಫಿ ಲೋಟ ಇಡಬೇಡಿ. ಹೋದ ಸಲ 114ರ ಮೇಲೆ ಇಟ್ಟಿದ್ದರು.